ನಗು ಬರಿಸುವ ಪದ ಕೊನೆಗಿರಲಿ

ನೋಡಪ್ಪ, ನೀನು ಕೊಟ್ಟು ಹೋದ ಸ್ಕ್ರಿಪ್ಟು ಓದಿದೆ. ಇಂಗ್ಲಿಷಿನಲ್ಲಿ ಚೆನ್ನಾಗಿದೆ. ಕೋರಮಂಗಲದ ಓಪನ್ ಮೈಕ್‌ನಲ್ಲಿ ಜನ ನಕ್ಕರು ಅಂದೆಯಲ್ಲ, ನಂಬುತ್ತೇನೆ. ಆದರೆ ಈಗ ಜಯನಗರದಲ್ಲಿ ಕನ್ನಡದಲ್ಲೇ ಷೋ ಮಾಡಬೇಕು ಅಂತ ಅದನ್ನು ಸಾಲಿಗೆ ಸಾಲು ಕನ್ನಡ ಮಾಡಿದ್ದೀಯ. ನಗು ತಪ್ಪಿಹೋಗಿರುವುದು ಅಲ್ಲೇ.

ತಾತನ ಜೋಕನ್ನೇ ತಗೋ. ಬಕೆಟ್ ಲಿಸ್ಟ್ ಮುಗಿಸುವ ಮೊದಲೇ ತಾತ ಬಕೆಟ್ ಒದ್ದರು ಅಂತ ಬರೆದಿದ್ದೀಯ. ಇಂಗ್ಲಿಷಿನಲ್ಲಿ ಬಕೆಟ್ ಒದೆಯುವುದು ಅಂದರೆ ಸಾಯುವುದು. ಆ ಭಾಷೆಯವರಿಗೆ ಎರಡೂ ಬಕೆಟ್ಟು ಒಟ್ಟಿಗೆ ಹೊಳೆಯುತ್ತವೆ. ನಮ್ಮ ಊರಲ್ಲಿ ಬಕೆಟ್ ಅಂದರೆ ಹಿಡಿಯುವುದು, ಅಂದರೆ ಮೇಲಿನವರ ಹಿಂದೆ ಬಿದ್ದು ಹೊಗಳುವುದು. ಕೇಳುವವರ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ತಾತ ಯಾರಿಗೆ ಬಕೆಟ್ ಹಿಡಿದರು ಅಂತ ಅವರು ಯೋಚಿಸುವಷ್ಟರಲ್ಲಿ ನೀನು ಮುಂದಿನ ಜೋಕಿಗೆ ಹೋಗಿರುತ್ತೀಯ.

ಹಾಗಾದರೆ ಏನು ಮಾಡಬೇಕು? ಬಕೆಟ್ ಬಿಟ್ಟುಬಿಡು. ಆ ಜೋಕು ಮಾಡುವ ಕೆಲಸ ಯಾವುದು ಅಂತ ನೋಡು. ಬಾಳಿನ ಕೊನೆಗೊಂದು ಆಸೆ ಇದೆ, ಅದು ತೀರುವ ಮೊದಲೇ ಸಾವು ಬರುತ್ತದೆ, ಎರಡನ್ನೂ ಒಂದೇ ಪದ ಹಿಡಿದಿದೆ. ನಮ್ಮ ಮನೆಗಳಲ್ಲಿ ವಯಸ್ಸಾದವರ ಆಸೆ ಅಂದರೆ ಕಾಶಿ. ಸತ್ತರು ಅನ್ನುವುದಕ್ಕೆ ಬೀದಿಮಾತಿನಲ್ಲಿ ಏನನ್ನುತ್ತೇವೆ? ಗೊಟಕ್ ಅಂದ, ಶಿವನ ಪಾದ ಸೇರಿದ, ಟಿಕೆಟ್ ತಗೊಂಡ. ಮೂರನೆಯದರಲ್ಲೇ ನಿನ್ನ ಜೋಕಿದೆ. ಕಾಶಿಗೂ ಟಿಕೆಟ್ ಬೇಕು.

ಈಗ ಬರೆ. ‘ಕಾಶಿಗೆ ಹೋಗ್ಬೇಕು, ಕಾಶಿಗೆ ಹೋಗ್ಬೇಕು ಅಂತಿದ್ರು ನಮ್ಮ ತಾತ. ನಾವೂ ದುಡ್ಡು ಕೂಡಿಸ್ತಾನೇ ಇದ್ವಿ. ಹೋದ ತಿಂಗಳು ಅವರೇ ತಗೊಂಡ್‌ಬಿಟ್ರು... ಟಿಕೆಟ್.’

ಕೊನೆಯ ಸಾಲು ಗಮನಿಸಿದೆಯಾ? ಬರೆಯುವ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕೊನೆಗಿದ್ದ ನಗೆಯ ಪದ ಇಲ್ಲಿ ನಡುವೆ ಸಿಕ್ಕಿಕೊಂಡು, ಅದರ ಹಿಂದೆ ‘ಮಾಡಿಬಿಟ್ಟಿದ್ದರು’, ‘ಆಗಿತ್ತು’ ಅಂತ ಬಾಲ ಬೆಳೆಯುತ್ತದೆ. ಜನ ನಗಲು ಬಾಯಿ ತೆರೆದಾಗ ನೀನಿನ್ನೂ ಮಾತಾಡುತ್ತಿರುತ್ತೀಯ. ಆಡುಮಾತಿನಲ್ಲಿ ಈ ಕಟ್ಟು ಇಲ್ಲ. ‘ಬಂದ ನೋಡು ನಮ್ಮ ಹೀರೋ’ ಅನ್ನುತ್ತೇವಲ್ಲ, ಹಾಗೆ ಬೇಕಾದ ಪದವನ್ನು ಕ್ರಿಯಾಪದದ ಆಚೆಗೆ ತರಬಹುದು. ನಿನ್ನ ಸ್ಕ್ರಿಪ್ಟಿನ ಪ್ರತಿ ಜೋಕಿನಲ್ಲೂ ನಗೆಯ ಪದಕ್ಕೆ ಗೆರೆ ಎಳೆ, ಅದರ ನಂತರ ಎಷ್ಟು ಪದ ಉಳಿದಿವೆ ನೋಡು. ಒಂದೋ ಸಾಲು ತಿರುಗಿಸು, ಇಲ್ಲವೇ ಎರಡಾಗಿ ಒಡೆ. ಇನ್ನೊಂದು ವಿಷಯ: ಕಾಶಿಯ ಮಾತಿನಲ್ಲಿ ‘ರೈಲು ಬುಕ್ ಮಾಡೋಕೆ ಹೋದ್ವಿ, ಟಿಕೆಟ್ ಸಿಗಲಿಲ್ಲ’ ಅಂತ ಸೇರಿಸುವ ಮನಸ್ಸಾಗುತ್ತದೆ. ಬೇಡ. ಪದ ಮೊದಲೇ ಕಿವಿಗೆ ಬಿದ್ದರೆ ಕೊನೆಯಲ್ಲಿ ಹಳಸಿರುತ್ತದೆ.

‘ತಗೊಂಡ’ ಅನ್ನದೆ ‘ತಗೊಂಡ್‌ಬಿಟ್ರು’ ಅನ್ನು. ಮಾತು ಬೀದಿಯದು, ಬಹುವಚನ ಮನೆಯದು. ಇಂಗ್ಲಿಷಿನಲ್ಲಿ ಇಲ್ಲದ ಈ ಅನುಕೂಲದಿಂದ ನಗು ಹೆಚ್ಚುತ್ತದೆ, ತಾತನ ಮರ್ಯಾದೆಯೂ ಉಳಿಯುತ್ತದೆ. ಜಯನಗರದ ಷೋಗೆ ಅಪ್ಪ, ಅಮ್ಮ, ಅತ್ತೆಯರೂ ಬಂದು ಕೂರುತ್ತಾರೆ. ಏಕವಚನ ಹಾಕಿದರೆ ಅವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಿದ ಮುಖ ಮತ್ತೆ ನಗಲು ಹೊತ್ತು ಬೇಕು.

ಈ ದಾರಿಯನ್ನು ಕೈಲಾಸಂ ನಮಗೆ ಎಂದೋ ತೋರಿಸಿದ್ದಾರೆ. ‘ಕಾನ್‌ಸ್ಟಾಂಟಿನೋಪಲ್’ ಅನ್ನುವ ಇಂಗ್ಲಿಷ್ ಹಾಡಿನ ಧಾಟಿಯಲ್ಲಿ ಅವರು ‘ಕೋಳಿಕೆ ರಂಗ’ ಕಟ್ಟಿದರು. ಮೂಲದ ಮೋಜು ಇರುವುದು ಆ ಉದ್ದದ ಹೆಸರಿನ ಅಕ್ಷರ ಒಂದೊಂದಾಗಿ ಬಿಡಿಸಿ ಹಾಡುವುದರಲ್ಲಿ. ಕೈಲಾಸಂ ಆ ಊರನ್ನು ಕನ್ನಡಕ್ಕೆ ತರಲಿಲ್ಲ. ಅಕ್ಷರ ಬಿಡಿಸುವ ಆಟವನ್ನು ಮಾತ್ರ ಉಳಿಸಿಕೊಂಡು, ನಮ್ಮ ಮಕ್ಕಳು ಕಾಗುಣಿತ ಒಪ್ಪಿಸುವ ರೀತಿಯಲ್ಲಿ, ಸೊನ್ನೆಯನ್ನೂ ಬಿಡದೆ, ಹಳ್ಳಿಯ ರಂಗನ ಬಾಯಲ್ಲಿ ಹಾಡಿಸಿದರು. ಅವರ ನಾಟಕಗಳಲ್ಲೂ ಇಂಗ್ಲಿಷು ಧಾರಾಳವಾಗಿದೆ, ಆದರೆ ಅದು ಆ ಪಾತ್ರ ನಿಜವಾಗಿ ಆಡುವ ಇಂಗ್ಲಿಷು. ಹಾಗೆಯೇ ನಿನ್ನ ಸ್ಕ್ರಿಪ್ಟಿನ ‘ಓನರ್’, ‘ಅಡ್ವಾನ್ಸ್’, ‘ಸಿಗ್ನಲ್’ ಇರಲಿ, ಅವನ್ನು ಶುದ್ಧ ಕನ್ನಡ ಮಾಡಲು ಹೋಗಬೇಡ.

ಸರಿಯಾಗಿದೆಯೋ ಇಲ್ಲವೋ ತಿಳಿಯಲು ಷೋವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಬರೀ ನಗುವನ್ನು ಕೇಳು. ಪದ ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ನಕ್ಕರೆ ಆಯಿತು. ಮೊದಲು ನಾಲ್ಕು ಜನ, ಸ್ವಲ್ಪ ತಡೆದು ಉಳಿದವರು ನಕ್ಕರೆ, ಆ ನಾಲ್ಕು ಜನ ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು ನಕ್ಕಿದ್ದಾರೆ, ಉಳಿದವರು ಅವರನ್ನು ನೋಡಿ. ಆ ಸಾಲನ್ನು ಮತ್ತೆ ಬರೆಯಬೇಕು.

ಎಲ್ಲಾ ಜೋಕೂ ದಾಟುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಊಟದ ಆ ಐದು ನಿಮಿಷ ತೆಗೆದುಬಿಡು. ಅದಕ್ಕೆ ಸಮನಾದ ಹಬ್ಬ ಹುಡುಕಿ ಕೂರಿಸಿದರೂ ನಗುವಿನ ಕಾರಣ ಬೇರೆಯಾಗುತ್ತದೆ. ಆ ಜಾಗಕ್ಕೆ ನಿಮ್ಮ ಮನೆಯ ಗೃಹಪ್ರವೇಶದ ಕಥೆ ಹಾಕು, ಅವತ್ತು ನನಗೆ ಹೇಳಿದೆಯಲ್ಲ, ಅದೇ ಮಾತಿನಲ್ಲಿ. ಹುಬ್ಬಳ್ಳಿಯಲ್ಲಿ ಷೋ ಇದ್ದರೆ ಟಿಕೆಟ್ಟಿನ ಮಾತು ಅಲ್ಲಿ ನಡೆಯುತ್ತದೆಯೋ ಇಲ್ಲವೋ ಆ ಊರಿನ ಗೆಳೆಯರಿಬ್ಬರ ಹತ್ತಿರ ಮೊದಲು ಹೇಳಿ ನೋಡು.