ಬಾಣಂತಿಯ ಬಚ್ಚಲುಮನೆ

ಮೈತುಂಬ ಹರಳೆಣ್ಣೆ, ಹಂಡೆಯ ಸುಡುನೀರು, ಸೀಗೆಪುಡಿ, ಕೂರುವುದಕ್ಕೆ ಮರದ ಮಣೆ: ನಮ್ಮವರ ಬಾಣಂತಿಸ್ನಾನದ ಈ ಪದ್ಧತಿಗಳೆಲ್ಲ ಹಳ್ಳಿಯ ಬಚ್ಚಲಿನಲ್ಲಿ ಬೆಳೆದುಬಂದವು. ಆ ಬಚ್ಚಲಿಗೆ ಹಾಸಿದ್ದುದು ಒರಟು ಕಲ್ಲುಚಪ್ಪಡಿ. ಬಾಗಿಲಿದ್ದರೂ ಅಗುಳಿ ಹಾಕುತ್ತಿರಲಿಲ್ಲ. ಹಿಂದೊಬ್ಬರು ಮುಂದೊಬ್ಬರು ನಿಂತು ನೀರು ಹೊಯ್ಯುತ್ತಿದ್ದರು. ಇಂದು ಅದೇ ಎಣ್ಣೆ, ಅದೇ ಬಿಸಿನೀರು, ಅದೇ ಮಣೆ ಬನಶಂಕರಿಯ ಅಥವಾ ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಮನೆಯೊಳಗೆ, ನಾಲ್ಕಡಿ ಅಗಲ ಆರಡಿ ಉದ್ದದ, ನುಣುಪು ಟೈಲ್ಸ್ ಹಾಕಿದ ಸ್ನಾನದ ಕೋಣೆಗೆ ಬಂದಿವೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಹಳೆಯ ಮನೆಗಳಲ್ಲಿ ಕೂಡ ಈಗ ನೆಲವನ್ನು ಕಿತ್ತು ಟೈಲ್ಸ್ ಹಾಕಿಸಿರುವುದೇ ಹೆಚ್ಚು. ಇದರ ಜೊತೆಗೆ ಸಿಸೇರಿಯನ್ ಹೆರಿಗೆಯೂ ಸಾಮಾನ್ಯವಾಗಿದೆ. ಹೊಟ್ಟೆಗೆ ಹೊಲಿಗೆ ಬಿದ್ದ ಬಾಣಂತಿಗೆ ಇಂಥ ಕೋಣೆಯನ್ನು ಹೇಗೆ ಅಣಿಮಾಡಬೇಕೆಂಬುದನ್ನು ನಮ್ಮ ಅಕ್ಕನ ಬಾಣಂತನದ ಕಾಲದಲ್ಲಿ ಮಾಡಿ ನೋಡಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಸನದ ಎತ್ತರ. ಸಿಸೇರಿಯನ್ನಿನಲ್ಲಿ ಹೊರಗಿನ ಚರ್ಮ ಹತ್ತು ಹದಿನೈದು ದಿನದಲ್ಲಿ ಕೂಡಿಕೊಂಡಂತೆ ಕಂಡರೂ, ಅದರ ಕೆಳಗೆ ಹೊಟ್ಟೆಯನ್ನು ಬಿಗಿಹಿಡಿದಿರುವ ಗಟ್ಟಿ ಪೊರೆಯನ್ನೂ ಕತ್ತರಿಸಿ ಹೊಲಿದಿರುತ್ತಾರೆ. ಅದು ಬಲಗೊಳ್ಳಲು ವಾರಗಟ್ಟಲೆ ಬೇಕು. ಮೂರಂಗುಲದ ಮಣೆಯಿಂದ ಏಳುವವರು ಮೊದಲು ಮುಂದಕ್ಕೆ ಬಾಗಿ ಹೊಟ್ಟೆಯನ್ನು ತೊಡೆಯ ಮೇಲೆ ಮಡಿಸಿ, ಆಮೇಲೆ ಅದೇ ಹೊಟ್ಟೆಯನ್ನು ಬಿಗಿದು ಮೇಲೇಳಬೇಕಾಗುತ್ತದೆ. ಭಾರವೆಲ್ಲ ಹೊಲಿಗೆಯ ಮೇಲೆಯೇ ಬೀಳುತ್ತದೆ. ನೋವಿಗೆ ನಡುವೆಯೇ ನಿಂತುಬಿಟ್ಟರೆ ಕಾಲು ಜಾರುವುದೂ ಆಗಲೇ.

ಅಳತೆ ತೆಗೆಯುವುದು ಸುಲಭ. ಬರಿಗಾಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿ, ಪಾದ ಪೂರ್ತಿ ನೆಲಕ್ಕೆ ತಾಗಿರುವಾಗ, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆಯಬೇಕು. ಅಕ್ಕನಿಗೆ ಅದು ಹದಿನಾರು ಅಂಗುಲ ಬಂದಿತು. ಆಸನ ಅಷ್ಟೇ ಇರಬೇಕು, ಇಲ್ಲವೇ ಒಂದಂಗುಲ ಹೆಚ್ಚಿರಬಹುದು. ಅದಕ್ಕೂ ಎತ್ತರವಾದರೆ ಹಿಮ್ಮಡಿ ನೆಲ ಬಿಟ್ಟು, ಒದ್ದೆ ಮೈ ಮುಂದಕ್ಕೆ ಜಾರುತ್ತದೆ. ಅಂಗಡಿಯಲ್ಲಿ ಸಿಕ್ಕುವ ಸ್ನಾನದ ಪ್ಲಾಸ್ಟಿಕ್ ಸ್ಟೂಲು ಹತ್ತಂಗುಲವಷ್ಟೇ ಇದ್ದುದರಿಂದ ಅದು ನಮಗಾಗಲಿಲ್ಲ. ಮನೆಯ ಪ್ಲಾಸ್ಟಿಕ್ ಕುರ್ಚಿಯ ಎತ್ತರ ಸರಿಯಿತ್ತು. ಆದರೆ ಸೋಪುನೀರಿನಲ್ಲಿ ಅದರ ನುಣುಪು ಕಾಲುಗಳು ಹೊರಕ್ಕೆ ಅಗಲುತ್ತವೆ. ಕೊನೆಗೆ ತಂದುದು, ಕಾಲಿಗೆ ರಬ್ಬರಿನ ಬುಷ್ ಇದ್ದು ಎತ್ತರವನ್ನು ಹೊಂದಿಸಬಹುದಾದ, ಎರಡು ಕಡೆ ಕೈಯಿರುವ ಕಮೋಡ್ ಕುರ್ಚಿ. ನಡುವೆ ರಂಧ್ರವಿರುವ ಈ ಕುರ್ಚಿಯನ್ನು ನೆಲದ ಕಕ್ಕಸಿನ ಮೇಲೆ ಇಟ್ಟರೆ ಕುಕ್ಕುರುಗಾಲಿನಲ್ಲಿ ಕೂರುವ ಕಷ್ಟವೂ ತಪ್ಪುತ್ತದೆ. ಗಾಲಿಯಿರುವುದನ್ನು ತರಬಾರದು. ನೀರು ಹರಿಯಲು ನೆಲ ಇಳಿಜಾರಾಗಿರುವುದರಿಂದ ಒಂದು ಕಾಲು ಗಾಳಿಯಲ್ಲಿ ಉಳಿಯುವುದುಂಟು. ನಾಲ್ಕು ಮೂಲೆಯನ್ನೂ ಕೈಯಿಂದ ಒತ್ತಿ, ಅಲ್ಲಾಡಿದರೆ ಆ ಕಾಲಿನ ಗುಂಡಿಯನ್ನು ಒಂದು ತೂತು ಕೆಳಗಿಳಿಸಬೇಕು.

ನಮ್ಮ ಅಜ್ಜಿಗೆ ಇದು ಸೇರಲಿಲ್ಲ. "ನಾವೇನು ಮಣೆ ಮೇಲೆ ಕೂತು ನೀರು ಹಾಕಿಸ್ಕೊಳ್ಲಿಲ್ವೇನೇ? ಬಾಣಂತಿ ಕುರ್ಚಿ ಮೇಲೆ ಕೂತು ಮೀಯೋದ ನಾ ಎಲ್ಲೂ ನೋಡಿಲ್ಲ" ಎಂದರು. ಅಜ್ಜಿಯ ಮಾತು ಅವರ ಕಾಲಕ್ಕೆ ಸರಿಯೇ. ಅವರ ಹೊಟ್ಟೆಗೆ ಹೊಲಿಗೆಯಿರಲಿಲ್ಲ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಲು ಇಬ್ಬರು ಹೆಂಗಸರಿದ್ದರು. "ಅಜ್ಜೀ, ಈ ಕೋಣೆಯಲ್ಲಿ ಇಬ್ಬರು ನಿಲ್ಲೋಕೆ ಜಾಗ ಎಲ್ಲಿದೆ, ನೀವೇ ಹೇಳಿ" ಎಂದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಮರುದಿನ ಕುರ್ಚಿಯನ್ನು ತಾವೇ ಬಿಸಿನೀರಿನಲ್ಲಿ ತೊಳೆದಿಟ್ಟರು.

ಆಸರೆಯ ಕಂಬಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಎದುರಿನ ಕಂಬಿ ಹಿಡಿದು ಎಳೆದುಕೊಂಡು ಏಳುವಾಗ ಹೊಟ್ಟೆ ಬಿಗಿಯುತ್ತದೆ. ಪಕ್ಕದಲ್ಲಿ ಕೈಯೂರಿ ಕೆಳಕ್ಕೆ ಒತ್ತಿ ಎದ್ದರೆ ಭಾರ ತೋಳಿಗೆ ಹೋಗುತ್ತದೆ. ಆದುದರಿಂದ ಬಾಣಂತಿಗೆ ಬೇಕಾದುದು, ಆಸನಕ್ಕಿಂತ ಎಂಟು ಒಂಬತ್ತು ಅಂಗುಲ ಮೇಲೆ ಪಕ್ಕದ ಗೋಡೆಯಲ್ಲಿ ಅಡ್ಡಲಾಗಿರುವ ಕಂಬಿ, ಅಥವಾ ಕುರ್ಚಿಯದೇ ಗಟ್ಟಿ ಕೈಗಳು. ಹೊಸ್ತಿಲು ದಾಟಲು ಮಾತ್ರ ಬಾಗಿಲ ಬಳಿ ಒಂದು ನೆಟ್ಟಗಿನ ಕಂಬಿ ಉಪಯುಕ್ತ. ಟವೆಲು ನೇತುಹಾಕುವ ಸರಳು ಆಸರೆಯಲ್ಲ, ಗಾಳಿಯ ಹೀರುವಿಕೆಯಿಂದ ಟೈಲ್ಸಿಗೆ ಅಂಟಿಕೊಳ್ಳುವ ಹಿಡಿಯೂ ಅಲ್ಲ. ಅಂಥ ಹಿಡಿ ಆವಿ, ಎಣ್ಣೆ ತಗಲಿದಾಗ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ. ಕಂಬಿ ಹಾಕಿಸುವವರು ಮೊದಲು ಟೈಲ್ಸನ್ನು ಬೆರಳಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಹಿಂದೆ ಸಿಮೆಂಟು ತುಂಬಿಲ್ಲ. ಬೋಲ್ಟು ಟೈಲ್ಸ್ ಮತ್ತು ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಹಿಡಿದಿರಬೇಕು. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ತೂಕದವರು ಮೈಭಾರ ಹಾಕಿ ಪರೀಕ್ಷಿಸಬೇಕು. ನಮ್ಮ ಮನೆಯ ಯಜಮಾನರು ಗೋಡೆ ಕೊರೆಯಲು ಒಪ್ಪದ ಕಾರಣ ನಾವು ಕುರ್ಚಿಯ ಕೈಗಳಲ್ಲೇ ನಿಭಾಯಿಸಿದೆವು.

ಜಾರುವುದಕ್ಕೆ ನೀರೊಂದೇ ಕಾರಣವಲ್ಲ. ನಮ್ಮ ಬಡಾವಣೆಗಳಲ್ಲಿ ಅನೇಕ ಮನೆಗಳಿಗೆ ಬರುವುದು ಬೋರ್‌ವೆಲ್ಲಿನ ಗಡಸುನೀರು. ಅದರಲ್ಲಿರುವ ಸುಣ್ಣದ ಅಂಶ ಸೋಪಿನೊಡನೆ ಕೂಡಿ ನೆಲದ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ. ಒಣಗಿದಾಗ ಕಾಣದು, ಅಂಗೈಯಿಂದ ಉಜ್ಜಿದರೆ ಮೇಣದಂತೆ ಹತ್ತುತ್ತದೆ. ಅದರ ಮೇಲೆ ಹರಳೆಣ್ಣೆ ಬಿದ್ದರೆ ಕೇಳಬೇಕೆ! ಅಮ್ಮ ಪ್ರತಿದಿನ ಸ್ನಾನಕ್ಕೆ ಮೊದಲೇ ಪಾತ್ರೆಯ ಸೋಪುಪುಡಿ ಮತ್ತು ಬಿಸಿನೀರು ಹಾಕಿ ಗಟ್ಟಿ ಪೊರಕೆಯಿಂದ ಉಜ್ಜಿ, ನೀರು ಹರಿಯುವ ಜಾಲರಿಯ ಕೂದಲನ್ನು ತೆಗೆಯುತ್ತಿದ್ದರು. ಎಣ್ಣೆಯನ್ನು ಕೋಣೆಯ ಹೊರಗೇ ಹಚ್ಚಿ, ಅಂಗಾಲನ್ನು ಬಟ್ಟೆಯಿಂದ ಒರಸಿಯೇ ಒಳಗೆ ಕರೆದೊಯ್ಯುತ್ತಿದ್ದರು. ಹೊಲಿಗೆಯ ಜಾಗಕ್ಕೆ ಎಣ್ಣೆ ಸೋಕಿಸಲಿಲ್ಲ. ಗೋಣಿ, ಹಳೆಯ ಟವೆಲು ಹಾಸುವುದು ಅಪಾಯ, ಹಾಸಿದ್ದೇ ಜಾರುತ್ತದೆ. ರಬ್ಬರಿನ ಚಾಪೆಯೂ ಒಂದು ಮೂಲೆ ಹಿಡಿದೆಳೆದಾಗ ಬರಬಾರದು. ಬಂದರೆ ಅದು ಆ ನೆಲಕ್ಕೆ ತಕ್ಕುದಲ್ಲ.

ಎತ್ತರದಲ್ಲಿ ಕೂತ ಮೇಲೆ ಬಕೀಟು ನೆಲದಲ್ಲಿಯೇ ಉಳಿದರೆ ಮಾಡಿದ್ದೆಲ್ಲ ವ್ಯರ್ಥ, ಚೊಂಬಿಗೊಂದು ಸಲ ಬಾಗಿ ತಿರುಗಬೇಕಾಗುತ್ತದೆ. ನಾವು ಬಕೀಟನ್ನು ಒಂದಡಿ ಎತ್ತರದ ಗಟ್ಟಿ ಸ್ಟೂಲಿನ ಮೇಲಿಟ್ಟು, ಸೋಪು ಟವೆಲುಗಳನ್ನು ಕೂತವರ ಸೊಂಟಕ್ಕೂ ಭುಜಕ್ಕೂ ನಡುವೆ, ಮೈ ತಿರುಗಿಸದೆ ಕೈ ಚಾಚಿದರೆ ಸಿಗುವಂತೆ ಇಟ್ಟೆವು. ಇಪ್ಪತ್ತು ಲೀಟರಿನ ತುಂಬಿದ ಬಕೀಟು ಇಪ್ಪತ್ತು ಕಿಲೋ. ಆರು ವಾರ ಕೂಸಿಗಿಂತ ಭಾರವಾದುದನ್ನು ಎತ್ತಬೇಡಿರೆಂದು ವೈದ್ಯರು ಹೇಳುವುದರಿಂದ ಬಕೀಟು ತುಂಬುವವರು ಬೇರೆಯವರೇ ಆಗಬೇಕು.

ನೀರಿನ ಬಿಸಿಯ ಬಗ್ಗೆ ಮಾತ್ರ ನಾನು ಅಜ್ಜಿಯೊಡನೆ ರಾಜಿಯಾಗಲಿಲ್ಲ. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ. ಸುಡುನೀರು ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಆಗ ಥಟ್ಟನೆ ಎದ್ದರೆ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಮುಖ ಬಿಳಿಚುವುದು, ಕಿವಿ ಗುಂಯ್‌ಗುಟ್ಟುವುದು, ತಣ್ಣನೆ ಬೆವರು ಅದರ ಮುನ್ಸೂಚನೆಗಳು. ಅವು ಕಂಡರೆ ಎಬ್ಬಿಸಬಾರದು, ಕೂತಲ್ಲಿಯೇ ಹಿಡಿದುಕೊಂಡು ನೀರು ನಿಲ್ಲಿಸಬೇಕು. ಸ್ನಾನ ಮುಗಿದ ಮೇಲೂ ಕುರ್ಚಿಯಲ್ಲೇ ಎರಡು ನಿಮಿಷ ಕೂತು, ಕಾಲಾಡಿಸಿ, ಆಮೇಲೆ ಏಳುವುದು ಒಳ್ಳೆಯದು. ಗ್ಯಾಸ್ ಗೀಸರು ಕೋಣೆಯ ಒಳಗೇ ಇದ್ದರೆ ತಲೆಸುತ್ತಿಗೆ ಇನ್ನೊಂದು ಕಾರಣವಿರಬಹುದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಜೀವವನ್ನೇ ತೆಗೆಯಬಲ್ಲುದು. ಗೀಸರು ಹೊರಗಿರಬೇಕು. ಅದಾಗದಿದ್ದರೆ ಮೊದಲೇ ಬಕೀಟಿಗೆ ನೀರು ಹಿಡಿದು, ಗೀಸರು ಆರಿಸಿ, ಕಿಟಕಿ ತೆರೆದು ಗಾಳಿಯಾಡಿದ ಮೇಲೆಯೇ ಒಳಗೆ ಹೋಗಬೇಕು.

ಬಾಗಿಲು ಒಳಕ್ಕೆ ತೆರೆಯುವಂಥದಾದರೆ ಬಿದ್ದವರ ಮೈಯೇ ಅದಕ್ಕೆ ಅಡ್ಡವಾಗುತ್ತದೆ. ನಾವು ಒಳಚಿಲಕವನ್ನು ದಾರದಿಂದ ಕಟ್ಟಿಹಾಕಿ, ಬಾಗಿಲಿಗೆ ಪರದೆ ಬಿಟ್ಟೆವು. ಅಮ್ಮ ಹೊರಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರುತ್ತಿದ್ದರು. ಏಳನೆಯ ವಾರ, ವೈದ್ಯರು ಸರಿಯೆಂದ ಮೇಲೆ, ಅಕ್ಕ ತಾನೇ ಆ ದಾರವನ್ನು ಬಿಚ್ಚಿದಳು.