ಜುಮಾ ದಿನದ ಒಂದು ಕೆಲಸ

ನೀವು ದೂರದೂರಿನಲ್ಲಿದ್ದೀರಿ, ವೃದ್ಧ ತಂದೆತಾಯಿ ಸಿಂಧನೂರಿನಲ್ಲೋ ಮಸ್ಕಿ, ಲಿಂಗಸುಗೂರಿನಲ್ಲೋ ಇಬ್ಬರೇ. ಸಂಜೆ ಸೊಳ್ಳೆಬತ್ತಿ ಹಚ್ಚಿದರೂ ಸೊಳ್ಳೆ ಮತ್ತೆ ಬರುತ್ತದೆ. ಕಾರಣ ಅನೇಕ ವೇಳೆ ಮನೆಯೊಳಗೇ ಇರುತ್ತದೆ: ನೀರು ಕೂಡಿಟ್ಟ ಡ್ರಮ್ಮು.

ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿಗಿಂತ ತುಸು ಮೇಲೆ, ಡ್ರಮ್ಮಿನ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೆ ಅವು ಹೋಗವು. ಒಣಗಿಯೂ ತಿಂಗಳುಗಟ್ಟಲೆ ಉಳಿದು, ನೀರು ತಾಗಿದೊಡನೆ ಮರಿಯಾಗುತ್ತವೆ. ಆದ್ದರಿಂದ ಒಳಮೈಯನ್ನು ಬ್ರಷ್‌ನಿಂದ ಉಜ್ಜಿ, ಒಣಗಿಸಿ, ತುಂಬಿದ ಮೇಲೆ ಬಟ್ಟೆ ಬಿಗಿದು ಕಟ್ಟಬೇಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 8-10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ, ಜುಮಾ ದಿನವೆಂದರೆ ಮರೆಯುವುದಿಲ್ಲ.

ಆದರೆ ಎಪ್ಪತ್ತರ ತಾಯಿ ಡ್ರಮ್ಮು ಬಗ್ಗಿಸಬಾರದು. ನೆರೆಯ ಹುಡುಗನಿಗೆ ಕೂಲಿ ಗೊತ್ತುಮಾಡಿ ನೀವೇ ಕಳುಹಿಸಿರಿ. ಬರಿದು ಮಾಡಲಾಗದ ತೊಟ್ಟಿಯಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಲು ಹೇಳಿರಿ. ಫೋನಿನಲ್ಲಿ “ಸೊಳ್ಳೆ ಇದೆಯೇ?” ಎನ್ನುವ ಬದಲು, “ನೀರಿನಲ್ಲಿ ಹುಳು ಕುಣಿಯುತ್ತಿವೆಯೇ ಅಮ್ಮೀ?” ಎಂದು ಕೇಳಿರಿ. ಮರೆತೆನೆಂದರೆ ಗದರಬೇಡಿ. ವೃದ್ಧ ಹೆತ್ತವರಿಗೆ ‘ಛೆ’ ಎನ್ನುವುದನ್ನೂ ಪವಿತ್ರ ಕುರ್‌ಆನ್ (17:23) ನಿಷೇಧಿಸಿದೆ.