ಮರಿಗಳನ್ನು ನೋಡಿ ಬಲ್ಬ್ ಇಳಿಸಿ, ಏರಿಸಿ

ಮಳೆಗಾಲದಲ್ಲಿ ಜೋಯಿಡಾ, ದಾಂಡೇಲಿ ಕಡೆ ಕೋಳಿಮರಿ ತಂದವರು ಚಳಿಗೆ ಹೆದರಿ ಶೆಡ್ಡಿನ ಪರದೆಗಳನ್ನೆಲ್ಲ ಬಿಗಿಯಾಗಿ ಮುಚ್ಚಿಬಿಡುತ್ತಾರೆ. ಮರಿಗೆ ಬೇಕಿರುವುದು ಬಿಸಿ ನಿಜ. ಆದರೆ ಅದು ಬೇಕಿರುವುದು ಮರಿಯ ಬೆನ್ನಿನ ಎತ್ತರದಲ್ಲಿ, ಇಡೀ ಶೆಡ್ಡಿಗಲ್ಲ. ಅಲ್ಲಿ ಮೊದಲ ವಾರ ಸುಮಾರು 35 ಡಿಗ್ರಿ, ಎರಡನೇ ವಾರ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ನೂರು ಮರಿಗೆ 100 ವ್ಯಾಟಿನ ಎರಡು ಹಳೇ ಮಾದರಿಯ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿ ಕೂಗಿದರೆ ಬಲ್ಬ್ ತಗ್ಗಿಸಿ. ಅಂಚಿಗೆ ಸರಿದು ಬಾಯಿ ತೆರೆದರೆ ಏರಿಸಿ. ಪರದೆಯ ಮೇಲ್ಭಾಗ ಮಾತ್ರ ಅಂಗೈಯಗಲ ತೆರೆದೇ ಇರಲಿ, ಇಲ್ಲದಿದ್ದರೆ ಒದ್ದೆ ಹೊಟ್ಟಿನ ಅಮೋನಿಯಾ ಕಣ್ಣು, ಶ್ವಾಸ ಕೆಡಿಸುತ್ತದೆ.

'ಕರೆಂಟೇ ಇರದಿದ್ದರೆ?' ಎಂದು ಹಳಿಯಾಳ, ಮುಂಡಗೋಡದವರೂ ಕೇಳಬಹುದು. ಕೆಂಡದ ಮಡಕೆ ಇಡಬಹುದು, ಆದರೆ ಸುತ್ತ ತಂತಿಬಲೆ ಕಟ್ಟಿ, ಹೊಗೆಯಿಲ್ಲದ ಕೆಂಡವನ್ನಷ್ಟೇ ಬಳಸಿ, ಗಾಳಿಗೆ ದಾರಿ ಬಿಡಿ. ಮೊದಲ ದಿನಗಳಲ್ಲೇ ರಾತ್ರಿ ಒಂದು ತಾಸು ಕತ್ತಲು ರೂಢಿ ಮಾಡಿಸಿದರೆ, ಬೆಳಕು ಹೋದಾಗ ಮರಿಗಳು ಗಾಬರಿಯಿಂದ ಒಂದರ ಮೇಲೊಂದು ಬಿದ್ದು ಸಾಯುವುದು ತಪ್ಪುತ್ತದೆ. ಮೊದಲ ಮೇವಿಗೂ ಮುನ್ನ ಉಗುರುಬೆಚ್ಚನೆಯ ನೀರು ಕುಡಿಸಿ. ತಣ್ಣನೆ ಬಾವಿನೀರನ್ನು ಮರಿಗಳು ಕಡಿಮೆ ಕುಡಿಯುತ್ತವೆ, ಆಗ ಮೇವನ್ನೂ ಕಡಿಮೆ ತಿನ್ನುತ್ತವೆ. ಸಂಜೆ ಕೆಲವು ಮರಿಗಳ ಮೇವಿನ ಚೀಲ ಮುಟ್ಟಿ ನೋಡಿ: ಮೆತ್ತಗೆ ತುಂಬಿರಬೇಕು. ಗಟ್ಟಿಯಾಗಿದ್ದರೆ ನೀರು ಸಾಲದು.